24 ಪೊಟ್ಟಣಗಳ ತೂಕ ಮತ್ತು ಒಂದು ಪೊಟ್ಟಣದ 24 ಪಟ್ಟು

ಪುಣೆಯ ಭೋಸರಿಯಲ್ಲಿ ಭಾಕರವಡಿ ಪೊಟ್ಟಣ ಕಟ್ಟುವ ಘಟಕವೊಂದರಲ್ಲಿ ಗುಣಮಟ್ಟ ನೋಡಿಕೊಳ್ಳುವ ಕಲಬುರಗಿಯ ಹೆಣ್ಣುಮಗಳೊಬ್ಬಳು ಕಳೆದ ತಿಂಗಳು ತನ್ನ ಲೆಕ್ಕದ ಪುಟದ ಫೋಟೋ ತೆಗೆದು ನನಗೆ ಕಳುಹಿಸಿದಳು. "ಸರ್, ಬಾಕ್ಸ್‌ನಲ್ಲಿ ಒಂದು ಪೊಟ್ಟಣ ಕಡಿಮೆ ಬಿದ್ದರೆ ತೂಕದಿಂದ ಹಿಡಿಯಲು ಆಗುವುದಿಲ್ಲ ಎಂದು ಲೆಕ್ಕ ಹೇಳುತ್ತಿದೆ, ಸರಿಯೇ ನೋಡಿ" ಎಂಬುದು ಅವಳ ಪ್ರಶ್ನೆ.

ಪುಟದ ಮೇಲ್ಭಾಗದಲ್ಲಿ ಪೊಟ್ಟಣದ ತೂಕ ನಾರ್ಮಲ್ ವಿತರಣೆಯದೆಂದು ಸೂಚಿಸುವ N(205, 3²) ಇತ್ತು, ಆದರೆ ಮೇಲಿನ ಪುಟ್ಟ 2 ನೆರಳಿನಲ್ಲಿ ಮುಚ್ಚಿಹೋಗಿ N(205, 3) ಎಂಬಂತೆ ಕಾಣುತ್ತಿತ್ತು. ಆವರಣದ ಎರಡನೆಯ ಸಂಖ್ಯೆ ವೇರಿಯನ್ಸ್, ಅಂದರೆ ಮಾನಕ ವಿಚಲನೆಯ ವರ್ಗ, ಎಂಬುದು ರೂಢಿಯಾದ್ದರಿಂದ, ಹಾಗೆಯೇ ಓದಿದ್ದರೆ 9ರ ಬದಲು 3 ಹಿಡಿದು ಮುಂದಿನದೆಲ್ಲ ತಪ್ಪುತ್ತಿತ್ತು, ಕೇಳಿ ಖಚಿತಪಡಿಸಿಕೊಂಡೆ. ಪೊಟ್ಟಣದ ಸರಾಸರಿ 205 ಗ್ರಾಂ, ಮಾನಕ ವಿಚಲನೆ 3 ಗ್ರಾಂ; ಖಾಲಿ ರಟ್ಟಿನ ಪೆಟ್ಟಿಗೆಯ ಸರಾಸರಿ 320 ಗ್ರಾಂ, ಮಾನಕ ವಿಚಲನೆ 8 ಗ್ರಾಂ; ಒಂದು ಬಾಕ್ಸ್‌ಗೆ 24 ಪೊಟ್ಟಣ.

ಪೊಟ್ಟಣದ ತೂಕ X, ಖಾಲಿ ಪೆಟ್ಟಿಗೆಯದು C ಎಂದಿಟ್ಟು ಅವಳು ಒಟ್ಟು ತೂಕವನ್ನು 24X + C ಎಂದು ಬರೆದಿದ್ದಳು. ಸರಾಸರಿಗೆ ಇದರಿಂದ ಏನೂ ಕೆಡುವುದಿಲ್ಲ: 24 × 205 + 320 = 5240 ಗ್ರಾಂ. ಆದರೆ 24X ಎಂದರೆ ಒಂದೇ ಪೊಟ್ಟಣವನ್ನು ತೂಗಿ 24ರಿಂದ ಗುಣಿಸುವುದು. ಆ ಪೊಟ್ಟಣ 3 ಗ್ರಾಂ ಹೆಚ್ಚಿದ್ದರೆ ಒಟ್ಟು 72 ಗ್ರಾಂ ಹೆಚ್ಚಾಗುತ್ತದೆ. ಬಾಕ್ಸ್‌ನಲ್ಲಿರುವುದು X1 + X2 + … + X24, ಅಂದರೆ ಬೇರೆ ಬೇರೆ 24 ಪೊಟ್ಟಣಗಳು, ಅಲ್ಲಿ ಒಂದರ ಹೆಚ್ಚಳವನ್ನು ಇನ್ನೊಂದರ ಕೊರತೆ ಬಹುಮಟ್ಟಿಗೆ ಸರಿದೂಗಿಸುತ್ತದೆ. ಸ್ವತಂತ್ರ ನಾರ್ಮಲ್ ಚರಗಳನ್ನು ಕೂಡಿದಾಗ ಮೊತ್ತವೂ ನಾರ್ಮಲ್ ಆಗಿರುತ್ತದೆ ಮತ್ತು ವೇರಿಯನ್ಸ್‌ಗಳು ಕೂಡುತ್ತವೆ. ಮಾನಕ ವಿಚಲನೆಗಳು ಕೂಡುವುದಿಲ್ಲ. ಚರವನ್ನು a ಎಂಬ ಸಂಖ್ಯೆಯಿಂದ ಗುಣಿಸಿದರೆ ಮಾತ್ರ ವೇರಿಯನ್ಸ್ a² ಪಟ್ಟಾಗುತ್ತದೆ.

ಅವಳ ದಾರಿಯಲ್ಲಿ ವೇರಿಯನ್ಸ್ 576 × 9 + 64 = 5248, ಮಾನಕ ವಿಚಲನೆ 72 ಗ್ರಾಂ. ಸರಿಯಾದ ದಾರಿಯಲ್ಲಿ 24 × 9 + 64 = 280, ಮಾನಕ ವಿಚಲನೆ 16.7 ಗ್ರಾಂ. ಒಂದು ಪೊಟ್ಟಣ ಕಡಿಮೆಯಾದರೆ ಸರಾಸರಿ 5035 ಆಗುತ್ತದೆ. ಎರಡರ ನಡುವೆ, 5137.5 ಗ್ರಾಂಗೆ ಗಡಿ ಇಟ್ಟರೆ ಸರಿಯಾದ ಬಾಕ್ಸ್ ಅದರಿಂದ 102.5 ಗ್ರಾಂ ದೂರವಿರುತ್ತದೆ. 72ರ ಲೆಕ್ಕದಲ್ಲಿ ಈ ದೂರ 1.4 ವಿಚಲನೆಯಷ್ಟೇ, 100 ಒಳ್ಳೆಯ ಬಾಕ್ಸ್‌ಗಳಲ್ಲಿ 8 ತಿರಸ್ಕಾರವಾಗುತ್ತವೆ. 16.7ರ ಲೆಕ್ಕದಲ್ಲಿ ಅದು 6 ವಿಚಲನೆಗೂ ಹೆಚ್ಚು, ತಪ್ಪು ತಿರಸ್ಕಾರ ಇಲ್ಲವೆಂದೇ ಹೇಳಬಹುದು.

ಇಲ್ಲಿಗೆ ನಿಲ್ಲಿಸಿದ್ದರೆ ನಾನೂ ತಪ್ಪುತ್ತಿದ್ದೆ, ಏಕೆಂದರೆ ಪೊಟ್ಟಣಗಳು ಸ್ವತಂತ್ರವೆಂಬುದನ್ನು ಕಾಗದ ಹೇಳುತ್ತದೆಯೇ ಹೊರತು ಯಂತ್ರ ಹೇಳುವುದಿಲ್ಲ. ಹಾಪರ್‌ನಲ್ಲಿ ಸರಕು ಇಳಿದಂತೆ ತುಂಬುವಿಕೆ ಕಡಿಮೆಯಾದರೆ, ಒಂದೇ ಬಾಕ್ಸ್‌ಗೆ ಹೋಗುವ 24 ಪೊಟ್ಟಣಗಳೂ ಒಟ್ಟಿಗೆ ಹಗುರಾಗುತ್ತವೆ, ಆಗ ಒಂದರ ಕೊರತೆಯನ್ನು ತುಂಬಲು ಇನ್ನೊಂದು ಇರುವುದಿಲ್ಲ. ಇದನ್ನು ತಿಳಿಯಲು ಪೂರ್ತಿ ಶಿಫ್ಟ್‌ನಲ್ಲಿ ಹರಡಿದಂತೆ, ಎಣಿಸಿ ಸರಿಯೆಂದು ಖಚಿತಪಡಿಸಿಕೊಂಡ 30 ಬಾಕ್ಸ್‌ಗಳನ್ನು ತೂಗಲು ಹೇಳಿದೆ. ಮಾನಕ ವಿಚಲನೆ 44 ಗ್ರಾಂ ಬಂದಿತು. 16.7 ನಿರೀಕ್ಷಿಸಿದ ಕಡೆ 44 ಬಂದರೆ ಅದನ್ನು 30 ಬಾಕ್ಸ್‌ಗಳ ಆಕಸ್ಮಿಕವೆಂದು ತಳ್ಳಿಹಾಕಲಾಗದು.

ಪೊಟ್ಟಣದ ವೇರಿಯನ್ಸ್ 9ರಲ್ಲಿ c ಭಾಗ ಬಾಕ್ಸ್‌ನ ಎಲ್ಲಕ್ಕೂ ಸಮಾನವಾದುದು, ಉಳಿದದ್ದು ಒಂದೊಂದರ ಸ್ವಂತದ್ದು ಎಂದಿಟ್ಟುಕೊಳ್ಳಿ. ಸಮಾನ ಭಾಗ 576 ಪಟ್ಟಾಗುತ್ತದೆ, ಸ್ವಂತ ಭಾಗ 24 ಪಟ್ಟು ಮಾತ್ರ. ಒಟ್ಟು ವೇರಿಯನ್ಸ್ 280 + 552c; ಇದು 44ರ ವರ್ಗವಾದ 1936 ಆಗಬೇಕಾದರೆ c = 3. ಅಂದರೆ ಮೂರನೆಯ ಒಂದು ಪಾಲು ಮಾತ್ರ ಒಟ್ಟಿಗೆ ಚಲಿಸಿದರೂ ಗಡಿಯ ದೂರ 6ರಿಂದ 2.3 ವಿಚಲನೆಗೆ ಇಳಿಯುತ್ತದೆ, 100ರಲ್ಲಿ ಒಂದು ಒಳ್ಳೆಯ ಬಾಕ್ಸ್ ಹಿಂದಿರುಗುತ್ತದೆ.

ಈ ಊಹೆಗೆ ಒಂದು ಪರೀಕ್ಷೆ ಇತ್ತು. ಸಮಾನ ಭಾಗ ನಿಧಾನವಾಗಿ ಬದಲಾಗುವುದಾದರೆ ಹತ್ತು ನಿಮಿಷದೊಳಗೆ ಸತತವಾಗಿ ಬಂದ ಬಾಕ್ಸ್‌ಗಳಲ್ಲಿ ಉಳಿಯಬೇಕಾದದ್ದು 24 × 6 + 64 = 208, ಅಂದರೆ ಸುಮಾರು 14 ಗ್ರಾಂ. ಅವಳು ಸತತ 12 ಬಾಕ್ಸ್ ತೂಗಿದಾಗ 15 ಗ್ರಾಂ ಬಂದಿತು. ಹೀಗಾಗಿ ಸ್ಥಿರ ಗಡಿಯನ್ನು ಬಿಟ್ಟು, ಪ್ರತಿ ಬಾಕ್ಸನ್ನೂ ಹಿಂದಿನ 10 ಬಾಕ್ಸ್‌ಗಳ ಮಧ್ಯದ ತೂಕದೊಂದಿಗೆ ಹೋಲಿಸಿ, ಅದಕ್ಕಿಂತ 100 ಗ್ರಾಂಗೂ ಮೀರಿ ಹಗುರವಾಗಿದ್ದರೆ ತೆರೆದು ಎಣಿಸುವಂತೆ ತೂಕದ ಯಂತ್ರವನ್ನು ಹೊಂದಿಸಲಾಯಿತು.