ಅಷ್ಟಮಿ ಎರಡು ಸಲ ಬಂದ ವರ್ಷ: ಆ್ಯಪ್‌ಗೆ ಹನ್ನೆರಡು ತಿಂಗಳ ಮೆಟಾಡೇಟಾ

2025ರಲ್ಲಿ ದೇಶದ ಬಹುತೇಕ ಕಡೆ ಕೃಷ್ಣ ಜನ್ಮಾಷ್ಟಮಿ ಆಗಸ್ಟ್ 15-16ಕ್ಕೆ ಮುಗಿದಿತ್ತು. ಉಡುಪಿ ಕೃಷ್ಣ ಮಠದಲ್ಲಿ ಅಷ್ಟಮಿ ಬಂದದ್ದು ಸೆಪ್ಟೆಂಬರ್ 14ಕ್ಕೆ, ಮೊಸರುಕುಡಿಕೆಯ ಉತ್ಸವವಾದ ವಿಟ್ಲಪಿಂಡಿ ಮರುದಿನ. ಇಲ್ಲಿ ಸೌರಮಾನದ ಲೆಕ್ಕ, ಸಿಂಹ ಮಾಸದಲ್ಲಿ ಬರುವ ಅಷ್ಟಮಿಯೇ ಹಬ್ಬ. ಸಿಂಹ ಮಾಸ ಶುರುವಾದದ್ದೇ ಆಗಸ್ಟ್ 17ಕ್ಕೆ, ಹಾಗಾಗಿ ಅದರ ಹಿಂದಿನ ದಿನದ ಅಷ್ಟಮಿ ಉಡುಪಿಯವರ ಅಷ್ಟಮಿ ಆಗಲಿಲ್ಲ. 2024ರಲ್ಲಿ ಎರಡೂ ಒಂದೇ ದಿನ, ಆಗಸ್ಟ್ 26ಕ್ಕೆ ಬಂದಿದ್ದವು. ಹಿಂದಿನ ವರ್ಷದ ಪಟ್ಟಿಯನ್ನೇ ನಕಲು ಮಾಡಿ ಮುಂದಿನ ವರ್ಷಕ್ಕೆ ಇಟ್ಟುಕೊಂಡವರು ಎಲ್ಲಿ ಎಡವುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಮಂಗಳೂರಿನ ಸಣ್ಣ ತಂಡವೊಂದರ ಕನ್ನಡ ಕ್ಯಾಲೆಂಡರ್ ಆ್ಯಪ್‌ಗೆ ನಾನು ಪ್ಲೇ ಸ್ಟೋರ್‌ನ ಬರಹ, ಅಂದರೆ ಮೆಟಾಡೇಟಾ, ಬರೆದುಕೊಡುತ್ತೇನೆ. ಪಂಚಾಂಗ, ಪರೀಕ್ಷೆ ದಿನಾಂಕ, ತೋಟದ ಕೆಲಸದ ನೆನಪು, ಮೂರೂ ಅದರಲ್ಲಿವೆ. ಹಾಗಾಗಿ ವರ್ಷದ ಯೋಜನೆ ಹೇಗೆ ಮಾಡುತ್ತೇನೆಂದು ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಪ್ಲೇ ಸ್ಟೋರ್ ಕೊಡುವ ಜಾಗ ಇಷ್ಟು: ಹೆಸರಿಗೆ 30 ಅಕ್ಷರ, ಕಿರು ವಿವರಣೆಗೆ 80, ಪೂರ್ಣ ವಿವರಣೆಗೆ 4000. ಸೀಸನ್ ಬಂತೆಂದು ಹೆಸರು ಬದಲಿಸುವುದು ನನ್ನ ದೃಷ್ಟಿಯಲ್ಲಿ ಕೆಟ್ಟ ಅಭ್ಯಾಸ. ಹುಡುಕಾಟದಲ್ಲಿ ಅತಿ ಹೆಚ್ಚು ತೂಕ ಇರುವುದು ಆ ಮೂವತ್ತು ಅಕ್ಷರಕ್ಕೆ. ‘ಕ್ಯಾಲೆಂಡರ್’ ತೆಗೆದು ‘ಅಷ್ಟಮಿ’ ಹಾಕಿದರೆ ವರ್ಷವಿಡೀ ಬರುತ್ತಿದ್ದವರನ್ನು ಎರಡು ವಾರದ ಜನಕ್ಕಾಗಿ ಬಿಟ್ಟುಕೊಟ್ಟ ಹಾಗೆ. ಪೂರ್ಣ ವಿವರಣೆಯಲ್ಲಿ ಜಾಗ ಧಾರಾಳವಾಗಿದೆ. ಪರೀಕ್ಷೆಗೆ ಒಂದು ಪ್ಯಾರಾ, ಕೃಷಿಗೆ ಒಂದು, ಹಬ್ಬಗಳಿಗೆ ಒಂದು ಎಂದು ಬರೆದು ವರ್ಷಪೂರ್ತಿ ಅಲ್ಲೇ ಇರಲಿ. ಹುಡುಕಾಟದಲ್ಲಿ ಒಂದು ಪದಕ್ಕೆ ನೆಲೆ ಸಿಗಲು ವಾರಗಳೇ ಬೇಕು, ಹಬ್ಬದ ಹಿಂದಿನ ವಾರ ಸೇರಿಸಿದ ಪದ ಹಬ್ಬ ಮುಗಿದ ಮೇಲೆ ಕೆಲಸಕ್ಕೆ ಬರುತ್ತದೆ. ಸೀಸನ್ ಪ್ರಕಾರ ನಾನು ಬದಲಿಸುವುದು ಕಿರು ವಿವರಣೆ, ಮೊದಲ ಎರಡು ಸ್ಕ್ರೀನ್‌ಶಾಟ್ ಮತ್ತು ಪೂರ್ಣ ವಿವರಣೆಯ ಪ್ಯಾರಾಗಳ ಕ್ರಮ, ಅಷ್ಟೇ.

80 ಅಕ್ಷರ ಎಂದರೆ ಕನ್ನಡಕ್ಕೆ ಕಾಣುವಷ್ಟು ದೊಡ್ಡ ಜಾಗವಲ್ಲ. ಒತ್ತಕ್ಷರ, ಗುಣಿತದ ಚಿಹ್ನೆಗಳೆಲ್ಲ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ‘ಪರೀಕ್ಷೆ’ ನಮ್ಮ ಕಣ್ಣಿಗೆ ಮೂರು ಅಕ್ಷರ, ಯಂತ್ರಕ್ಕೆ ಏಳು. ‘ಎಸ್ಎಸ್ಎಲ್‌ಸಿ’ 12 ಅಕ್ಷರ ತಿನ್ನುತ್ತದೆ, SSLC ನಾಲ್ಕೇ. ಜನ ಹುಡುಕುವುದೂ ಹಾಗೆಯೇ, `sslc time table` ಎಂದು. ಮಾರ್ಚ್ ಹೊತ್ತಿಗೆ ಹಾಕುವ ಸಾಲು ಇದು:

```
SSLC, PUC ಪರೀಕ್ಷೆ ದಿನಾಂಕದ ನೆನಪು; ಕನ್ನಡ ಪಂಚಾಂಗ, ರಜೆ, ಹಬ್ಬ, ಕೃಷಿ ಕೆಲಸ ಒಂದೇ ಕಡೆ
```

ಇದು 76 ಅಕ್ಷರ. ಇದರಲ್ಲಿ ‘ಫಲಿತಾಂಶ’ ಇಲ್ಲ ಎಂಬುದನ್ನು ಗಮನಿಸಿ. ತಂಡದವರು ಅದನ್ನೂ ಸೇರಿಸಿ ಎಂದಿದ್ದರು. “ಸರ್, ಏಪ್ರಿಲ್‌ನಲ್ಲಿ ಎಲ್ಲರೂ ಅದನ್ನೇ ಹುಡುಕುವುದಲ್ವಾ?” ಹುಡುಕುತ್ತಾರೆ, ನಿಜ. ಆದರೆ ಈ ಆ್ಯಪ್ ಫಲಿತಾಂಶ ತೋರಿಸುವುದಿಲ್ಲ. ಆ ಪದ ನೋಡಿ ಬಂದ ಹುಡುಗ ಐದು ನಿಮಿಷದಲ್ಲಿ ಆ್ಯಪ್ ತೆಗೆದುಹಾಕಿ, ಒಂದು ಸ್ಟಾರ್ ಕೊಟ್ಟು ಹೋಗುತ್ತಾನೆ. ಇನ್‌ಸ್ಟಾಲ್ ಏರಿ ಅದೇ ವಾರ ಅನ್‌ಇನ್‌ಸ್ಟಾಲ್ ಕೂಡ ಏರಿದರೆ ಕಾರಣ ಹೆಚ್ಚಾಗಿ ಇಂಥ ಪದವೇ. ಇನ್ನೊಂದು ಎಚ್ಚರ: ವೇಳಾಪಟ್ಟಿ ಪ್ರಕಟಿಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಸರ್ಕಾರಿ ಮಾಹಿತಿ ಕೊಡುವ ಆ್ಯಪ್ ಅದರ ಮೂಲದ ಕೊಂಡಿ ಕೊಡಬೇಕು, ತಾನು ಸರ್ಕಾರದ್ದಲ್ಲ ಎಂದೂ ಸ್ಪಷ್ಟವಾಗಿ ಬರೆಯಬೇಕು ಎಂಬುದು ಪ್ಲೇ ಸ್ಟೋರ್‌ನ ನಿಯಮ. ಇದಿಲ್ಲದಿದ್ದರೆ ಸರಿಯಾಗಿ ಪರೀಕ್ಷೆ ಸಮಯಕ್ಕೇ ಆ್ಯಪ್ ತಿರಸ್ಕೃತವಾಗಬಹುದು. ಈಗ ಪರೀಕ್ಷೆ ಒಂದಕ್ಕಿಂತ ಹೆಚ್ಚು ಸುತ್ತು ನಡೆಯುವುದರಿಂದ ಈ ಪ್ಯಾರಾವನ್ನು ಏಪ್ರಿಲ್‌ಗೇ ಕೆಳಗೆ ತಳ್ಳುವುದಿಲ್ಲ.

ಕೃಷಿಯ ವಿಷಯಕ್ಕೆ ಬಂದರೆ, ಕೊಯ್ಲಿನ ಸಮಯ ಎಂದೊಡನೆ ಸಂಕ್ರಾಂತಿ ಎಂದು ಹಾಕುವ ಸಿದ್ಧ ಪಟ್ಟಿ ಕರಾವಳಿಗೆ ಹೊಂದುವುದಿಲ್ಲ. ಇಲ್ಲಿ ಮಳೆಗಾಲದ ಏಣೆಲು ಬೆಳೆಯ ಭತ್ತ ಕೊಯ್ಯುವುದು ಅಕ್ಟೋಬರ್ ಆಸುಪಾಸು, ಅಡಿಕೆ ಕೊಯ್ಲು ಅದರ ನಂತರ. ಆದರೆ ತೋಟದವರಿಗೆ ಕ್ಯಾಲೆಂಡರ್‌ನ ನೆನಪು ಹೆಚ್ಚು ಬೇಕಾಗುವುದು ಕೊಯ್ಲಿಗಲ್ಲ, ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವುದಕ್ಕೆ. ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣದ ಒಂದು ಸುತ್ತು, 40-45 ದಿನ ಬಿಟ್ಟು ಇನ್ನೊಂದು. ಈ ದಿನಾಂಕ ಪಂಚಾಂಗ ನೋಡುವುದಿಲ್ಲ, ಮಳೆ ನೋಡುತ್ತದೆ. ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1, 2025ರಲ್ಲಿ ಮೇ 24ಕ್ಕೇ ಬಂತು. ಹಾಗಾಗಿ ಮದ್ದಿನ ಸಾಲು ಮೇ ಮೊದಲ ವಾರದಲ್ಲೇ ಪ್ಲೇ ಸ್ಟೋರ್‌ನ ಪರಿಶೀಲನೆ ಮುಗಿಸಿ ಸಿದ್ಧವಾಗಿರಬೇಕು.

ಇದಕ್ಕೆ ಅನುಕೂಲವಾಗುವುದು ಪ್ಲೇ ಕನ್ಸೋಲ್‌ನ `Managed publishing`. ಅದನ್ನು ಆನ್ ಮಾಡಿಟ್ಟರೆ ಬದಲಾವಣೆ ಪರಿಶೀಲನೆ ಮುಗಿದ ಮೇಲೂ ನಾವು ಒತ್ತುವವರೆಗೆ ಕಾಯುತ್ತದೆ. ಪರಿಶೀಲನೆಗೆ ಏಳು ದಿನ, ಕೆಲವೊಮ್ಮೆ ಹೆಚ್ಚೂ ಹಿಡಿಯಬಹುದು. ಹತ್ತು ದಿನ ಮುಂಚೆ ಕಳುಹಿಸಿ, ಮಳೆ ಮೋಡ ಕಂಡ ದಿನ ಪ್ರಕಟಿಸಬಹುದು. ಆ್ಯಪಲ್ ಆ್ಯಪ್ ಸ್ಟೋರ್‌ನಲ್ಲಿ ಕೀವರ್ಡ್ ಬದಲಿಸಬೇಕಾದರೆ ಹೊಸ ಆವೃತ್ತಿಯನ್ನೇ ಕಳುಹಿಸಬೇಕು, ಅಲ್ಲಿ ವರ್ಷಕ್ಕೆ ನಾಲ್ಕು ಬದಲಾವಣೆಗಿಂತ ಹೆಚ್ಚು ಯೋಚಿಸಬೇಡಿ.

ಹಬ್ಬಗಳನ್ನು ನಾನು ಮೂರು ಕಾಲಂನಲ್ಲಿ ಬರೆಯುತ್ತೇನೆ. ಅಲುಗಾಡದವು ಒಂದು: ಕರಾವಳಿಯ ಕ್ಯಾಥೊಲಿಕರ ಮೊಂತಿ ಫೆಸ್ತ್ ಸೆಪ್ಟೆಂಬರ್ 8. ಸೌರಮಾನದವು ಎರಡನೆಯದು: ತುಳುವರ ಹೊಸ ವರ್ಷವಾದ ಬಿಸು, ಉಡುಪಿಯ ಅಷ್ಟಮಿ. ಮೂರನೆಯದು ಚಾಂದ್ರಮಾನ: ಚೌತಿ, ದಸರಾ, ದೀಪಾವಳಿ. 2025ರಲ್ಲಿ ಚೌತಿ ಆಗಸ್ಟ್ 27ಕ್ಕೆ ಬಂತು, ತೆನೆ ಹಬ್ಬವಾದ ಮೊಂತಿ ಫೆಸ್ತ್ ಅದರ ನಂತರ, ಅಷ್ಟಮಿ ಕೊನೆಗೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಚೌತಿ ಸೆಪ್ಟೆಂಬರ್ 14ಕ್ಕೆ, ದೀಪಾವಳಿ ಅಕ್ಟೋಬರ್ 20ರಿಂದ ನವೆಂಬರ್ 8ಕ್ಕೆ ಸರಿಯುತ್ತದೆ. ಮೊಂತಿ ಫೆಸ್ತ್ ಚೌತಿಗಿಂತ ಮೊದಲೇ ಬರುತ್ತದೆ. ದಿನಾಂಕವಷ್ಟೇ ಅಲ್ಲ, ಹಬ್ಬಗಳ ಸರದಿಯೇ ತಿರುಗಿತು.

2025ರ ಯೋಜನೆ ಹೀಗಿತ್ತು. ಆಗಸ್ಟ್ ಮೊದಲ ವಾರದಿಂದ 16ರವರೆಗೆ ‘ಜನ್ಮಾಷ್ಟಮಿ’ ಇರುವ ಸಾಲು. 17ರಿಂದ ಅದನ್ನು ತೆಗೆದು ಇದನ್ನು ಹಾಕಿದೆವು, 69 ಅಕ್ಷರ:

```
ಉಡುಪಿ ಅಷ್ಟಮಿ, ಚೌತಿ, ತೆನೆ ಹಬ್ಬದ ದಿನ ಮತ್ತು ಮುಹೂರ್ತ ತಿಳಿಸುವ ಕನ್ನಡ ಪಂಚಾಂಗ
```

‘ಉಡುಪಿ’ ಎಂಬ ಒಂದು ಪದವೇ ಇಲ್ಲಿ ಮುಖ್ಯ. ಅದಿಲ್ಲದಿದ್ದರೆ ಆಗಸ್ಟ್ 20ಕ್ಕೆ ಓದಿದವರಿಗೆ ಮುಗಿದ ಹಬ್ಬದ ಜಾಹೀರಾತು ಇನ್ನೂ ತೆಗೆದಿಲ್ಲ ಅನಿಸುತ್ತದೆ. ಇದೇ ವಿಷಯವನ್ನು ಇಂಗ್ಲಿಷ್ ಲಿಸ್ಟಿಂಗ್‌ನಲ್ಲೂ (`en-IN`) ಬರೆಯಲೇಬೇಕು. ಮನೆಯಲ್ಲಿ ತುಳು, ಕನ್ನಡ, ಕೊಂಕಣಿ ಮಾತಾಡುವ ಎಷ್ಟೋ ಮಂದಿಯ ಫೋನ್ ಭಾಷೆ ಇಂಗ್ಲಿಷ್‌ನಲ್ಲೇ ಇರುತ್ತದೆ, ಅವರಿಗೆ ಕಾಣುವುದು ಆ ಲಿಸ್ಟಿಂಗ್. `kn-IN` ಮಾತ್ರ ತಿದ್ದಿ ಏನೂ ಬದಲಾಗಲಿಲ್ಲ ಎಂದು ಬೇಸರಿಸುವವರನ್ನು ಆಗಾಗ ನೋಡುತ್ತೇನೆ.

ಫಲ ಸಿಕ್ಕಿತೇ ಎಂದು ನೋಡುವಾಗ ಹಿಂದಿನ ತಿಂಗಳ ಜೊತೆ ಹೋಲಿಸಬೇಡಿ. ಹಬ್ಬದ ತಿಂಗಳಲ್ಲಿ ಏನೂ ಮಾಡದಿದ್ದರೂ ಕ್ಯಾಲೆಂಡರ್ ಆ್ಯಪ್‌ಗೆ ಜನ ಬರುತ್ತಾರೆ. ಚೌತಿಗೆ ಹಿಂದಿನ 14 ದಿನವನ್ನು ಹೋದ ವರ್ಷದ ಚೌತಿಯ ಹಿಂದಿನ 14 ದಿನದ ಜೊತೆ ಇಟ್ಟು ನೋಡಿ, ಪುಟಕ್ಕೆ ಬಂದವರಲ್ಲಿ ಎಷ್ಟು ಪಾಲು ಇನ್‌ಸ್ಟಾಲ್ ಮಾಡಿದರು ಎಂಬುದನ್ನು ಗಮನಿಸಿ. ಸಣ್ಣ ಆ್ಯಪ್‌ಗಳಲ್ಲಿ ಹುಡುಕಾಟದ ಪದಗಳ ಬಹುಪಾಲು ‘ಇತರೆ’ ಎಂಬ ಒಂದೇ ಸಾಲಿನಲ್ಲಿ ಸೇರಿಹೋಗಿರುತ್ತದೆ, ಅದರಿಂದ ಪದವಾರು ತೀರ್ಮಾನಕ್ಕೆ ಬರಲಾಗದು. ಪಾಲು ಏರದೆ ಬರೀ ಬಂದವರ ಸಂಖ್ಯೆ ಏರಿದ್ದರೆ ಅದು ಹಬ್ಬದ್ದೇ ಹೊರತು ಸಾಲಿನದ್ದಲ್ಲ. ಆಗ ಮುಂದಿನ ವರ್ಷಕ್ಕೆ ಆ ಸಾಲನ್ನು ಹೊಸದಾಗಿ ಬರೆಯುತ್ತೇನೆ, ಹೊಸ ಪಂಚಾಂಗ ಎದುರಿಗಿಟ್ಟುಕೊಂಡು.