ಇಡ್ಲಿ ಹಿಟ್ಟಿನಲ್ಲಿ ಮದ್ಯಸಾರ ಎಷ್ಟಿರುತ್ತದೆ?

ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟಿನ ಮುಚ್ಚಳವನ್ನು ಬೆಳಿಗ್ಗೆ ತೆಗೆದಾಗ ಬರುವ ಹುಳಿ ವಾಸನೆಯಲ್ಲಿ ಕೆಲವೊಮ್ಮೆ ಹೆಂಡವನ್ನು ನೆನಪಿಸುವ ಘಾಟೂ ಇರುತ್ತದೆ. ಮಕ್ಕಳಿಗೆ ಇಡ್ಲಿ ಕೊಡಬಹುದೇ ಎಂದು ಕೇಳುವ ತಾಯಂದಿರ ಮತ್ತು ಮದ್ಯವನ್ನು ಸಂಪೂರ್ಣವಾಗಿ ವರ್ಜಿಸಿದವರ ಆತಂಕಕ್ಕೆ ಈ ಘಾಟೇ ಕಾರಣ. ಆಹಾರ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಕೆಲಸ ಮಾಡುವ ನಾನು ಕೊಡುವ ಉತ್ತರ ಇಷ್ಟು: ಹೌದು, ಹುದುಗಿದ ಹಿಟ್ಟಿನಲ್ಲಿ ಮದ್ಯಸಾರ ಹುಟ್ಟುತ್ತದೆ, ಆದರೆ ಅದರ ಪ್ರಮಾಣ ಅತ್ಯಲ್ಪ, ಮತ್ತು ಅದನ್ನು ಹಿಟ್ಟು ಉಬ್ಬುವ ರೀತಿಯಿಂದಲೇ ಅಂದಾಜು ಮಾಡಬಹುದು.

ಹಿಟ್ಟನ್ನು ಉಬ್ಬಿಸುವ ಮುಖ್ಯ ಜೀವಿ ಲ್ಯೂಕನೋಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ. ಉದ್ದಿನ ಬೇಳೆ ಮತ್ತು ಅಕ್ಕಿಯ ಜೊತೆಯಲ್ಲೇ ಬರುವ ಇದು ಸಕ್ಕರೆಯ ಒಂದು ಅಣುವನ್ನು ಒಡೆದು ಲ್ಯಾಕ್ಟಿಕ್ ಆಮ್ಲ, ಇಂಗಾಲದ ಡೈಆಕ್ಸೈಡ್ ಮತ್ತು ಎಥನಾಲ್ ಎಂಬ ಮದ್ಯಸಾರದ ಒಂದೊಂದು ಅಣುವನ್ನು ಮಾಡುತ್ತದೆ. ಹಿಟ್ಟಿನಲ್ಲಿ ಯೀಸ್ಟ್ ಇದ್ದರೆ ಅದು ಆಮ್ಲವನ್ನು ಬಿಟ್ಟು ಉಳಿದೆರಡನ್ನು ಸಮಸಂಖ್ಯೆಯಲ್ಲಿ ಉಂಟುಮಾಡುತ್ತದೆ. ಹೀಗೆ ಯಾವ ದಾರಿಯಲ್ಲಿ ನೋಡಿದರೂ ಅನಿಲದ ಒಂದು ಅಣುವಿಗೆ ಎಥನಾಲಿನದು ಹೆಚ್ಚೆಂದರೆ ಒಂದೇ ಅಣು. ಆದ್ದರಿಂದ ಅನಿಲವನ್ನು ಅಳೆದರೆ ಮದ್ಯಸಾರದ ಮಿತಿ ತಿಳಿಯುತ್ತದೆ.

ಒಂದು ಲೀಟರ್ ಹಿಟ್ಟು ರಾತ್ರಿ ಕಳೆಯುವುದರೊಳಗೆ ಎರಡರಷ್ಟಾಯಿತು ಎಂದಿಟ್ಟುಕೊಳ್ಳೋಣ. ಅಂದರೆ ಗುಳ್ಳೆಗಳಲ್ಲಿ ಸುಮಾರು ಒಂದು ಲೀಟರ್ ಅನಿಲ ಸಿಕ್ಕಿಕೊಂಡಿದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 25 ಲೀಟರ್ ಇಂಗಾಲದ ಡೈಆಕ್ಸೈಡ್ ಹುಟ್ಟುವಾಗ ಜೊತೆಗೆ 46 ಗ್ರಾಂ ಎಥನಾಲ್ ಹುಟ್ಟಬಲ್ಲದು. ಒಂದು ಲೀಟರಿಗೆ ಅದು ಎರಡು ಗ್ರಾಂಗೂ ಕಡಿಮೆ. ಹೊರಗೆ ಹೋದ ಅನಿಲವನ್ನೂ ಹಿಟ್ಟಿನ ನೀರಿನಲ್ಲಿ ಕರಗಿದ್ದನ್ನೂ ಸೇರಿಸಿ ಲೆಕ್ಕವನ್ನು ಇಮ್ಮಡಿ ಮಾಡಿದರೂ ನಾಲ್ಕು ಗ್ರಾಂ ದಾಟುವುದಿಲ್ಲ. ಅಷ್ಟು ಹಿಟ್ಟಿನಿಂದ ಸುಮಾರು 25 ಇಡ್ಲಿಗಳಾದರೆ ಒಂದೊಂದರ ಪಾಲಿಗೆ 0.16 ಗ್ರಾಂ. ಶೇಕಡಾ 5ರ ಬಿಯರಿನ 330 ಮಿಲಿಲೀಟರ್ ಬಾಟಲಿಯಲ್ಲಿ ಇರುವುದು ಸುಮಾರು 13 ಗ್ರಾಂ. ಅಂದರೆ 80 ಇಡ್ಲಿಗಳ ಹಸಿ ಹಿಟ್ಟು ಒಂದು ಬಾಟಲಿಗೆ ಸಮ.

ಬೇಯಿಸಿದಾಗ ಇದರಲ್ಲಿಯೂ ಬಹುಪಾಲು ಹೋಗುತ್ತದೆ. ಎಥನಾಲ್ 78 ಡಿಗ್ರಿಯಲ್ಲಿ ಕುದಿಯುವುದರಿಂದ ಪೂರ್ತಿ ಆವಿಯಾಗುತ್ತದೆ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ, ಏಕೆಂದರೆ ನೀರಿನಲ್ಲಿ ಬೆರೆತ ಎಥನಾಲ್ ನೀರಿನ ಜೊತೆ ನಿಧಾನವಾಗಿಯೇ ಹೊರಡುತ್ತದೆ. ಕಾದ ಕಾವಲಿಯ ಮೇಲೆ ತೆಳ್ಳಗೆ ಹರಡಿದ ದೋಸೆಯಿಂದ ಅದು ಬೇಗ ಹೋಗುತ್ತದೆ, ಹತ್ತು ಹನ್ನೆರಡು ನಿಮಿಷ ಹಬೆಯಲ್ಲಿ ಬೆಂದ ದಪ್ಪ ಇಡ್ಲಿಯಲ್ಲಿ ಲೇಶ ಉಳಿಯಬಹುದು. ಬ್ರೆಡ್ಡಿನಲ್ಲಿಯೂ ಚೆನ್ನಾಗಿ ಕಳಿತ ಹಣ್ಣಿನಲ್ಲಿಯೂ ಇಂಥ ಲೇಶ ಇರುತ್ತದೆ. ಅದರಿಂದ ಅಮಲೇರುವ ಮಾತೇ ಇಲ್ಲ, ಮಕ್ಕಳಿಗೂ ಗರ್ಭಿಣಿಯರಿಗೂ ಇಡ್ಲಿ ಕೊಡಲು ಈ ಕಾರಣಕ್ಕೆ ಹಿಂಜರಿಯಬೇಕಿಲ್ಲ.

ಸುರಕ್ಷತೆಯ ನಿಜವಾದ ಪ್ರಶ್ನೆ ಇರುವುದು ಮದ್ಯಸಾರದಲ್ಲಲ್ಲ, ಹುಳಿಯಲ್ಲಿ. ಆಗಷ್ಟೇ ರುಬ್ಬಿದ ಹಿಟ್ಟಿನ ಪಿಎಚ್ 6ರ ಆಸುಪಾಸಿನಲ್ಲಿದ್ದು, ಚೆನ್ನಾಗಿ ಹುದುಗಿದಾಗ 4.5ರ ಸುತ್ತಮುತ್ತಲಿಗೆ ಇಳಿಯುತ್ತದೆ. ಈ ಹುಳಿಯಲ್ಲಿ ರೋಗ ತರುವ ಹೆಚ್ಚಿನ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಹೀಗಾಗಿ ಹುಳಿ ಹೆಚ್ಚಾದ ಹಿಟ್ಟಿಗಿಂತ, ಗಂಟೆಗಟ್ಟಲೆ ಬೆಚ್ಚಗಿದ್ದರೂ ಹುಳಿಯೇ ಬಾರದ ಹಿಟ್ಟು ನನಗೆ ಹೆಚ್ಚು ಚಿಂತೆ ತರುತ್ತದೆ. ಅಕ್ಕಿಯಲ್ಲಿ ಸಾಮಾನ್ಯವಾಗಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾಕ್ಕೆ ಅಲ್ಲಿ ಅವಕಾಶ ಸಿಗಬಹುದು, ಮತ್ತು ವಾಂತಿ ತರಿಸುವ ಅದರ ವಿಷ ಬೇಯಿಸಿದರೂ ನಾಶವಾಗುವುದಿಲ್ಲ. ಹುಳಿಯನ್ನು ಕಡಿಮೆ ಮಾಡಲು ಅಡುಗೆ ಸೋಡಾ ಹಾಕುವವರು ತಟ್ಟೆಗೆ ಸುರಿಯುವ ಮುನ್ನ, ಬೇಕಾದಷ್ಟು ಹಿಟ್ಟಿಗೆ ಮಾತ್ರ ಹಾಕಬೇಕು. ಸೋಡಾ ಬೆರೆಸಿದ ಹಿಟ್ಟನ್ನು ಹೊರಗೆ ಇಟ್ಟರೆ ಅದನ್ನು ಕಾಯುತ್ತಿದ್ದ ಆಮ್ಲವನ್ನೇ ತೆಗೆದಂತಾಗುತ್ತದೆ.

ಉಬ್ಬಿದ ಹಿಟ್ಟನ್ನು ತಕ್ಷಣ ಫ್ರಿಜ್ಜಿಗೆ ಸೇರಿಸಿ ಮೂರು ನಾಲ್ಕು ದಿನದೊಳಗೆ ಬಳಸುವುದು ಒಳ್ಳೆಯದು. ಅಲ್ಲಿಯೂ ಅನಿಲ ನಿಧಾನವಾಗಿ ಹುಟ್ಟುತ್ತಿರುವುದರಿಂದ ಡಬ್ಬಿಯಲ್ಲಿ ಜಾಗ ಬಿಟ್ಟು, ಮುಚ್ಚಳವನ್ನು ಬಿಗಿಯದೆ ಇಡಬೇಕು. ಮೇಲೆ ತಿಳಿನೀರು ನಿಂತರೆ ಕಲಸಿ ಬಳಸಬಹುದು. ಹೆಂಡದ ಘಾಟು ಜೋರಾಗಿದ್ದರೆ ಹಿಟ್ಟು ಹೆಚ್ಚು ಹೊತ್ತು ಬೆಚ್ಚಗಿದ್ದು ಯೀಸ್ಟ್ ಮೇಲುಗೈ ಪಡೆದಿದೆ ಎಂದರ್ಥ; ಅದರಿಂದ ಮಾಡಿದ್ದು ರುಚಿಗೆಡುತ್ತದೆ. ಆದರೆ ಗುಲಾಬಿ, ಹಸಿರು ಅಥವಾ ಕಪ್ಪು ಚುಕ್ಕೆ, ನೂಲಿನಂಥ ಬೂಷ್ಟು, ಕೊಳೆತ ವಾಸನೆ ಇವುಗಳಲ್ಲಿ ಯಾವುದೊಂದು ಕಂಡರೂ ಮೇಲಿನ ಪದರವನ್ನಷ್ಟೇ ಕೆರೆದು ತೆಗೆಯದೆ, ಇಡೀ ಪಾತ್ರೆಯ ಹಿಟ್ಟನ್ನು ಚೆಲ್ಲಬೇಕು.