ತಪ್ಪಿ ಬೇರೆಯವರಿಗೆ ಹೋದ ಇಮೇಲ್: ‘ಅಳಿಸಿ’ ಅಂತ ಕೇಳುವುದು ಹೇಗೆ?

ಓದುಗರ ಪ್ರಶ್ನೆ: ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಪಿಎಫ್ ಕಟ್ಟುವುದಕ್ಕೆ ಆಳುಗಳ ಪಟ್ಟಿ ಇರುವ ಎಕ್ಸೆಲ್ ಫೈಲನ್ನು ಜಿಮೇಲ್‌ನಲ್ಲಿ ಲಗತ್ತಿಸಿ ಹಾಸನದಲ್ಲಿರುವ ನಮ್ಮ ಆಡಿಟರ್‌ಗೆ ಕಳಿಸಬೇಕಿತ್ತು. ಅದೇ ಹೆಸರಿನ ಬೇರೆ ಯಾರಿಗೋ ಹೋಗಿಬಿಟ್ಟಿದೆ. ಪಟ್ಟಿಯಲ್ಲಿ ಎಲ್ಲರ ಆಧಾರ್ ನಂಬರ್, ಬ್ಯಾಂಕ್ ಖಾತೆ ನಂಬರ್ ಇವೆ. ನನ್ನ ಸೆಂಟ್ ಫೋಲ್ಡರ್‌ನಿಂದ ಡಿಲೀಟ್ ಮಾಡಿದ್ದೇನೆ. ಇನ್ನೂ ಅವರಿಗೆ ಬರೆಯಬೇಕಾ, ಸುಮ್ನಿದ್ರೆ ಆಗುತ್ತಾ?

ಉತ್ತರ: ಬರೆಯಲೇಬೇಕು, ಅದೂ ಇವತ್ತೇ. ಹೇಗೆ ಬರೆಯಬೇಕು ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ಸೆಂಟ್‌ನಿಂದ ಡಿಲೀಟ್ ಮಾಡಿದ್ದೇನೆ ಅಂದಿರಲ್ಲ, ಆ ಮಾತನ್ನು ತೆಗೆದುಕೊಳ್ಳೋಣ. ಈ ಪ್ರಶ್ನೆ ಬಂದಾಗಲೆಲ್ಲ ಈ ಸಾಲು ಜೊತೆಗೇ ಬರುತ್ತದೆ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ನೀವು ಡಿಲೀಟ್ ಮಾಡಿದ್ದು ನಿಮ್ಮ ಪ್ರತಿಯನ್ನು, ಅಷ್ಟೇ. ಒಂದು ಕಾಗದವನ್ನು ಜೆರಾಕ್ಸ್ ಮಾಡಿಸಿ ಇನ್ನೊಬ್ಬರಿಗೆ ಕೊಟ್ಟ ಮೇಲೆ, ನಿಮ್ಮ ಕೈಲಿರುವುದನ್ನು ಹರಿದರೆ ಅವರ ಕೈಲಿರುವುದು ಹರಿಯುವುದಿಲ್ಲ. ಕಳಿಸು ಅಂತ ಒತ್ತಿದಾಗ ನಿಮ್ಮ ಕಡೆಯ ಸರ್ವರ್ ಮೇಲನ್ನು ಅವರ ಕಡೆಯ ಸರ್ವರ್‌ಗೆ ಒಪ್ಪಿಸುತ್ತದೆ. ಅಲ್ಲಿಂದ ಆಚೆಗೆ ಅದು ಅವರ ಡಬ್ಬಿಯ ಸೊತ್ತು. ಮೇಲ್ ಸಾಗಿಸುವ ಎಸ್‌ಎಂಟಿಪಿ ಪದ್ಧತಿ 1982ರಿಂದ ಇದೆ. ಅದರಲ್ಲಿ ಮೇಲನ್ನು ಒಪ್ಪಿಸುವುದಕ್ಕೆ ಆಜ್ಞೆ ಇದೆ, ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳುವುದಕ್ಕೆ ಯಾವ ಆಜ್ಞೆಯೂ ಇಲ್ಲ.

ಹಾಗಾದ್ರೆ ಜಿಮೇಲ್‌ನಲ್ಲಿ Undo ಅಂತ ಬರುತ್ತಲ್ಲ ಅಂತ ಕೇಳುತ್ತಾರೆ. ಬರುತ್ತದೆ, ಆದರೆ ಅದು ಹೋದ ಮೇಲನ್ನು ಹಿಂದಕ್ಕೆ ಕರೆಯುವುದಿಲ್ಲ. ನೀವು ಕಳಿಸು ಅಂತ ಒತ್ತಿದ ಮೇಲೂ ಜಿಮೇಲ್ ಕೆಲವು ಸೆಕೆಂಡು ಮೇಲನ್ನು ತನ್ನ ಹತ್ತಿರವೇ ಹಿಡಿದುಕೊಂಡಿರುತ್ತದೆ. ಆ ಹೊತ್ತಿನಲ್ಲಿ Undo ಒತ್ತಿದರೆ ಮೇಲ್ ಹೊರಡುವುದೇ ಇಲ್ಲ. ಸೆಟ್ಟಿಂಗ್ ಮುಟ್ಟದಿದ್ದರೆ ಈ ಅವಧಿ 5 ಸೆಕೆಂಡು, ಹೆಚ್ಚೆಂದರೆ 30 ಸೆಕೆಂಡಿಗೆ ಇಟ್ಟುಕೊಳ್ಳಬಹುದು. ಅದು ದಾಟಿತೋ, ಆ ಗುಂಡಿಯೇ ಮಾಯ.

ಔಟ್‌ಲುಕ್ ಬಳಸುವವರದು ಇನ್ನೊಂದು ವಾದ. ಅದರಲ್ಲಿ Recall ಇದೆ, ನಿಜ. ಕಳಿಸಿದವರು, ಪಡೆದವರು ಇಬ್ಬರೂ ಒಂದೇ ಸಂಸ್ಥೆಯ ಎಕ್ಸ್‌ಚೇಂಜ್ ಅಥವಾ ಮೈಕ್ರೋಸಾಫ್ಟ್ 365 ಮೇಲ್ ವ್ಯವಸ್ಥೆಯೊಳಗೆ ಇದ್ದರೆ ಅದು ಕೆಲಸ ಮಾಡುತ್ತದೆ, ಯಾಕಂದ್ರೆ ಆಗ ಎರಡೂ ಡಬ್ಬಿಗಳು ಆ ಸಂಸ್ಥೆಯ ಕೈಯಲ್ಲೇ ಇರುತ್ತವೆ. ಹೊರಗಿನ ಜಿಮೇಲ್ ಖಾತೆಗೆ ಹೋದ ಇಮೇಲಿನ ಮೇಲೆ ಅದರ ಆಟ ನಡೆಯುವುದಿಲ್ಲ. ಹಳೆಯ ಔಟ್‌ಲುಕ್‌ನಲ್ಲಂತೂ ಎದುರಿನವರಿಗೆ ‘ಇಂಥವರು ಈ ಮೇಲನ್ನು ವಾಪಸ್ ಪಡೆಯಲು ಬಯಸುತ್ತಿದ್ದಾರೆ’ ಎನ್ನುವ ಎರಡನೇ ಮೇಲ್ ಹೋಗುವುದುಂಟು. ಮೊದಲನೆಯದನ್ನು ನೋಡದೇ ಬಿಟ್ಟಿದ್ದವರೂ ಆಗ ಹುಡುಕಿ ತೆರೆಯುತ್ತಾರೆ.

ಈ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಮೆಸೇಜನ್ನು ಎರಡು ದಿನದವರೆಗೂ ಎಲ್ಲರ ಫೋನಿನಿಂದ ಅಳಿಸಬಹುದು. ಅಲ್ಲಿ ಎರಡೂ ತುದಿಯಲ್ಲಿರುವುದು ಒಂದೇ ಕಂಪನಿಯ ಆ್ಯಪ್, ಹಾಗಾಗಿ ಅದು ಸಾಧ್ಯ. ಆ ಅಭ್ಯಾಸದಲ್ಲೇ ಇಮೇಲನ್ನೂ ನೋಡುತ್ತಾರೆ. ಇಬ್ಬರದೂ ಜಿಮೇಲೇ ಆಗಿದ್ದರೂ ಈ ಸೌಲಭ್ಯ ಇಲ್ಲ. ನಿಮ್ಮ ಮಾತು ಕೇಳಿಕೊಂಡು ಗೂಗಲ್ ಇನ್ನೊಬ್ಬರ ಡಬ್ಬಿಗೆ ಕೈ ಹಾಕುವುದಿಲ್ಲ.

ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಸೆಂಟ್‌ನಿಂದ ಅಳಿಸುವುದರಿಂದ ನಷ್ಟವೂ ಇದೆ. ಯಾವ ವಿಳಾಸಕ್ಕೆ, ಎಷ್ಟು ಹೊತ್ತಿಗೆ, ಯಾವ ಫೈಲ್ ಹೋಯಿತು ಅನ್ನುವುದಕ್ಕೆ ನಿಮ್ಮ ಹತ್ತಿರ ಇರುವ ಒಂದೇ ದಾಖಲೆ ಅದು. ಈಗಲೇ ಟ್ರ್ಯಾಶ್‌ಗೆ ಹೋಗಿ ಅದನ್ನು ಸೆಂಟ್‌ಗೆ ವಾಪಸ್ ತನ್ನಿ. ಜಿಮೇಲ್‌ನ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ತಾನಾಗಿ ಹೋಗುತ್ತದೆ.

ಕೆಲವು ಸಂದರ್ಭಗಳಲ್ಲಿ ಮಾತ್ರ ಹಿಡಿತ ನಿಮ್ಮ ಕೈಯಲ್ಲಿ ಉಳಿದಿರುತ್ತದೆ. ಉದಾಹರಣೆಗೆ, ಫೈಲನ್ನು ಮೇಲಿಗೆ ಲಗತ್ತಿಸದೆ ಗೂಗಲ್ ಡ್ರೈವ್‌ನ ಲಿಂಕ್ ಕಳಿಸಿದ್ದರೆ, ಡ್ರೈವ್‌ಗೆ ಹೋಗಿ ಅವರ ಅನುಮತಿ ತೆಗೆದುಬಿಡಿ. ಲಿಂಕ್ ಇದ್ದರೂ ಬಾಗಿಲು ತೆರೆಯುವುದಿಲ್ಲ. ಅಷ್ಟರೊಳಗೆ ಡೌನ್‌ಲೋಡ್ ಮಾಡಿಕೊಂಡಿದ್ದರೆ ಮಾತ್ರ ಅದೂ ಉಪಯೋಗಕ್ಕೆ ಬಾರದು. ನಿಮ್ಮದು ಎಕ್ಸೆಲ್ ಫೈಲನ್ನೇ ಲಗತ್ತಿಸಿದ ಮೇಲ್. ಹಾಗಾಗಿ ಕೇಳುವುದೊಂದೇ ದಾರಿ.

ಬರೆಯುವ ಮೊದಲು ಇನ್‌ಬಾಕ್ಸ್ ನೋಡಿ. ‘ವಿಳಾಸ ಸಿಗಲಿಲ್ಲ’ ಅಂತ ಮೇಲ್ ವಾಪಸ್ ಬಂದಿದ್ದರೆ ಅದು ಯಾರಿಗೂ ತಲುಪಿಲ್ಲ, ನಿಶ್ಚಿಂತೆ. ಬಂದಿಲ್ಲ ಅಂದರೆ ಯಾರಿಗೋ ತಲುಪಿದೆ ಅಂತಲೇ ತಿಳಿಯಿರಿ. ಹಳೆಯ ಮೇಲನ್ನು ಫಾರ್ವರ್ಡ್ ಮಾಡಿ ‘ಇದನ್ನು ಅಳಿಸಿ’ ಅನ್ನಬೇಡಿ, ಪಟ್ಟಿ ಎರಡನೇ ಸಲ ಹೋದಂತಾಗುತ್ತದೆ. ಹೊಸ ಮೇಲ್ ಬರೆಯಿರಿ, ಆದರೆ ಅದೇ ವಿಳಾಸದಿಂದ ಬರೆಯಿರಿ. ಬೇರೆ ವಿಳಾಸದಿಂದ ಬಂದರೆ ಯಾರೋ ಮೋಸಗಾರರು ಅಂದುಕೊಳ್ಳುತ್ತಾರೆ. ಅದೇ ಕಾರಣಕ್ಕೆ ಅದರಲ್ಲಿ ಲಿಂಕ್, ಫೈಲ್ ಏನೂ ಇರಬಾರದು. ನಿಮಗೆ ಹೊಂದುವ ಹಾಗೆ ಬರೆದರೆ ಹೀಗಿರುತ್ತದೆ:

“ನಮಸ್ಕಾರ. ನಾನು ಮೂಡಿಗೆರೆ ಹತ್ತಿರದ ಒಂದು ತೋಟದ ಆಫೀಸಿನಿಂದ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ 10.40ಕ್ಕೆ ಇದೇ ವಿಳಾಸದಿಂದ ನಿಮಗೆ ‘ಪಿಎಫ್ ಪಟ್ಟಿ’ ಎನ್ನುವ ಮೇಲ್ ಬಂದಿದೆ. ಅದು ಬೇರೆಯವರಿಗೆ ಹೋಗಬೇಕಿತ್ತು, ನಮ್ಮ ತಪ್ಪಿನಿಂದ ನಿಮಗೆ ಬಂದಿದೆ. ದಯವಿಟ್ಟು ಅದರಲ್ಲಿರುವ ಫೈಲ್ ತೆರೆಯಬೇಡಿ, ಯಾರಿಗೂ ಕಳಿಸಬೇಡಿ. ಮೇಲ್ ಅಳಿಸಿ, ಆಮೇಲೆ ಟ್ರ್ಯಾಶ್‌ನಿಂದಲೂ ಅಳಿಸಿ. ಫೈಲ್ ಡೌನ್‌ಲೋಡ್ ಆಗಿದ್ದರೆ ಅದನ್ನೂ ತೆಗೆಯಿರಿ. ‘ಅಳಿಸಿದ್ದೇನೆ, ಯಾರಿಗೂ ಕಳಿಸಿಲ್ಲ’ ಅಂತ ಒಂದು ಸಾಲು ಬರೆದರೆ ದೊಡ್ಡ ಉಪಕಾರ. ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ.”

ಕೆಳಗೆ ನಿಮ್ಮ ಹೆಸರು, ಫೋನ್ ನಂಬರ್ ಹಾಕಿ. ಫೈಲಿನಲ್ಲಿ ಆಧಾರ್ ಇದೆ, ಖಾತೆ ನಂಬರ್ ಇದೆ ಅಂತ ಇದರಲ್ಲಿ ಎಲ್ಲೂ ಹೇಳಿಲ್ಲ, ಗಮನಿಸಿ. ಗುರುತಿಸುವುದಕ್ಕೆ ಸಮಯ ಮತ್ತು ವಿಷಯದ ಸಾಲು ಸಾಕು. ಗುರುತಿಲ್ಲದವರಿಗೆ ಒಳಗೆ ಏನಿದೆ ಅಂತ ನೀವೇ ಯಾಕೆ ಹೇಳಬೇಕು? ಟ್ರ್ಯಾಶ್ ಮಾತು ಯಾಕೆ ಅಂದರೆ, ಹೇಳದಿದ್ದರೆ ಅವರ ಕಡೆಯೂ ಅದು 30 ದಿನ ಅಲ್ಲೇ ಬಿದ್ದಿರುತ್ತದೆ. ‘ಯಾರಿಗೂ ಕಳಿಸಿಲ್ಲ’ ಅನ್ನುವ ತುಂಡು ಅದಕ್ಕಿಂತ ಮುಖ್ಯ. ಎಷ್ಟೋ ಒಳ್ಳೆಯವರು, ಪಾಪ ಇವರಿಗೆ ಸೇರಬೇಕಿತ್ತೇನೋ ಅಂತ ತಾವೇ ಊಹಿಸಿ ಮೂರನೆಯವರಿಗೆ ಫಾರ್ವರ್ಡ್ ಮಾಡಿರುತ್ತಾರೆ. ಹಾಗಾಗಿದ್ದರೆ ಆ ಮೂರನೆಯವರಿಗೂ ನೀವು ಬರೆಯಬೇಕಾಗುತ್ತದೆ.

ಬೆದರಿಕೆ ಮಾತ್ರ ಬೇಡವೇ ಬೇಡ. ‘ಅಳಿಸದಿದ್ದರೆ ಕಾನೂನು ಕ್ರಮ’ ಅಂತ ಬರೆಯುವವರಿದ್ದಾರೆ. ತಪ್ಪು ಮಾಡಿದ್ದು ನಾವು, ಅವರು ಸುಮ್ನೆ ಕೂತಿದ್ದಾಗ ಮೇಲ್ ಬಂತು. ಹೆದರಿಸಿದರೆ ಯಾವುದಕ್ಕೂ ಇರಲಿ ಅಂತ ಒಂದು ಪ್ರತಿ ಇಟ್ಟುಕೊಳ್ಳುತ್ತಾರೆ, ಇಲ್ಲವೇ ಪರಿಚಯದ ವಕೀಲರಿಗೆ ತೋರಿಸುತ್ತಾರೆ. ಇಮೇಲಿನ ಕೊನೆಯಲ್ಲಿ ‘ಇದು ಗೌಪ್ಯ, ತಪ್ಪಿ ಬಂದಿದ್ದರೆ ಅಳಿಸತಕ್ಕದ್ದು’ ಅಂತ ಅಚ್ಚು ಹಾಕಿಟ್ಟಿದ್ದೇವೆ, ಸಾಲದಾ ಅಂತಲೂ ಕೇಳುತ್ತಾರೆ. ಒಪ್ಪದೇ ಇರುವವರನ್ನು ಆ ಸಾಲು ಕಟ್ಟಿಹಾಕುವುದಿಲ್ಲ. ಆ ಮಾಹಿತಿ ಬಳಸಿ ಯಾರಾದರೂ ಮೋಸ ಮಾಡಿದರೆ ಅದು ಅಪರಾಧವೇ, ನಿಮ್ಮ ಸಾಲು ಇರಲಿ ಬಿಡಲಿ.

ಉತ್ತರ ಬಂದರೆ ಜೋಪಾನವಾಗಿ ಇಟ್ಟುಕೊಳ್ಳಿ. ಮಾರನೇ ದಿನದವರೆಗೂ ಬಾರದಿದ್ದರೆ ಇನ್ನೊಂದೇ ಸಲ ನೆನಪಿಸಿ. ಫೋನ್ ನಂಬರ್ ಗೊತ್ತಿದ್ದರೆ ಮಾತಾಡುವುದೇ ಚೆನ್ನ, ದನಿ ಕೇಳಿದರೆ ಜನ ಬೇಗ ಕರಗುತ್ತಾರೆ. ಆದರೆ ‘ಅಳಿಸಿದ್ದೇನೆ’ ಅನ್ನುವುದು ಅವರ ಮಾತು, ಅದನ್ನು ಪರೀಕ್ಷಿಸಲು ನಿಮಗೆ ದಾರಿ ಇಲ್ಲ. ಹಾಗಾಗಿ ತೋಟದ ಯಜಮಾನರಿಗೆ ಇವತ್ತೇ ಹೇಳಿ, ಮುಚ್ಚಿಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಬೇಕಂತ ಅಲ್ಲದೆ ಕೈತಪ್ಪಿ ಹೊರಗೆ ಹೋದದ್ದನ್ನೂ ಸೋರಿಕೆ ಅಂತಲೇ ಲೆಕ್ಕ ಹಾಕುತ್ತದೆ.

ಆಳುಗಳಿಗೂ ಹೇಳಬೇಕು. ಬಟವಾಡೆ ದಿನ ಎಲ್ಲರೂ ಒಟ್ಟಿಗೆ ಸಿಗುತ್ತಾರೆ, ಆದರೆ ಅಲ್ಲಿಯವರೆಗೆ ಕಾಯಬೇಡಿ. ಮೇಸ್ತ್ರಿಯವರ ಜೊತೆ ಲೈನ್ ಮನೆಗಳ ಕಡೆ ಹೋಗಿ ಹೇಳಿ. ಬರೀ ಖಾತೆ ನಂಬರಿನಿಂದ ದುಡ್ಡು ತೆಗೆಯಲಾಗದು. ಅಪಾಯ ಇರುವುದು ಆಮೇಲೆ ಬರುವ ಫೋನ್ ಕರೆಯಲ್ಲಿ. ಹೆಸರು, ಆಧಾರ್, ಖಾತೆ ನಂಬರ್ ಎಲ್ಲ ಸರಿಯಾಗಿ ಹೇಳಿ ‘ಬ್ಯಾಂಕಿನಿಂದ ಮಾತಾಡ್ತಿದ್ದೇವೆ, ಓಟಿಪಿ ಕೊಡಿ’ ಅಂದರೆ ಯಾರಾದರೂ ನಂಬುತ್ತಾರೆ ಅಲ್ವಾ? ಓಟಿಪಿ ಯಾರಿಗೂ ಕೊಡಬೇಡಿ ಅಂತ ಅವರ ಭಾಷೆಯಲ್ಲೇ ತಿಳಿಸಿ. ಅಸ್ಸಾಮಿನಿಂದ ಬಂದವರಿದ್ದರೆ ಅವರಲ್ಲಿ ಕನ್ನಡ ಬಲ್ಲವರೊಬ್ಬರನ್ನು ಹಿಡಿಯಿರಿ. ಆಧಾರ್ ಬೆರಳಚ್ಚನ್ನು ಲಾಕ್ ಮಾಡುವ ಸೌಲಭ್ಯವೂ ಇದೆ. ಆದರೆ ಬೆರಳಚ್ಚು ಕೊಟ್ಟು ರೇಷನ್ ತರುವವರು ಲಾಕ್ ಮಾಡಿದರೆ ಅಂಗಡಿಯಲ್ಲಿ ಕಷ್ಟವಾಗುತ್ತದೆ, ಅದನ್ನು ಮೊದಲೇ ಹೇಳಿ.

ಮೇಲ್ ತಪ್ಪಿದ್ದು ಹೇಗೆ ಅಂತ ನೀವು ಬರೆದಿಲ್ಲ. ಅದೇ ಹೆಸರು ಅಂದ ಮೇಲೆ, ಎರಡಕ್ಷರ ಬರೆಯುವಷ್ಟರಲ್ಲಿ ಜಿಮೇಲ್ ತಾನೇ ವಿಳಾಸ ತುಂಬಿರಬೇಕು. ನೀವು ಒಮ್ಮೆ ಯಾರಿಗಾದರೂ ಮೇಲ್ ಕಳಿಸಿದರೆ ಜಿಮೇಲ್ ಅವರನ್ನು ನೆನಪಿಟ್ಟುಕೊಳ್ಳುತ್ತದೆ. contacts.google.com ತೆರೆದು Other contacts ನೋಡಿ, ಬೇಡದ ವಿಳಾಸವನ್ನು ಅಲ್ಲಿಂದ ತೆಗೆದುಬಿಡಿ. ಇನ್ನು ಮುಂದೆ ಅದು ಸೇರಿಕೊಳ್ಳಬಾರದು ಅಂದರೆ ಜಿಮೇಲ್ ಸೆಟ್ಟಿಂಗ್ಸ್‌ನ General ಪುಟದಲ್ಲಿ Create contacts for auto-complete ಅಂತ ಇದೆ, ಅಲ್ಲಿ I'll add contacts myself ಆರಿಸಿ. ಅದೇ ಪುಟದಲ್ಲಿ Undo Send ಅನ್ನು 30 ಸೆಕೆಂಡಿಗೆ ಏರಿಸಿ.

ನೀವು ಕೇಳದ ಇನ್ನೊಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ. ಆ ಪಟ್ಟಿಯಲ್ಲಿ ಆಧಾರ್ ಯಾಕಿತ್ತು? ತಿಂಗಳ ಪಿಎಫ್ ಕಟ್ಟುವುದಕ್ಕೆ ಹಾಕುವ ಇಸಿಆರ್ ಫೈಲಿನಲ್ಲಿ ಬೇಕಾಗುವುದು ಪ್ರತಿ ಪಿಎಫ್ ಸದಸ್ಯರಿಗೂ ಇರುವ ಯುಎಎನ್ ನಂಬರ್, ಹೆಸರು, ಸಂಬಳ, ಪಿಎಫ್ ಮತ್ತು ಪಿಂಚಣಿ ಪಾಲು, ಸಂಬಳವಿಲ್ಲದ ದಿನಗಳು, ಇಂಥವು. ಆಧಾರ್‌ಗೆ ಅಲ್ಲಿ ಕಾಲಂ ಇಲ್ಲ, ಬ್ಯಾಂಕ್ ಖಾತೆಗೂ ಇಲ್ಲ. ಅವನ್ನು ಯುಎಎನ್‌ಗೆ ಒಮ್ಮೆ ಜೋಡಿಸಿದರೆ ಮುಗಿಯಿತು. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು ಅನ್ನುವ ಗಡಿಬಿಡಿಯಲ್ಲಿ ತೋಟದ ಆಫೀಸುಗಳು ಆಳು ಸೇರಿದ ದಿನ ಮಾಡಿದ ದೊಡ್ಡ ಶೀಟನ್ನೇ ಪ್ರತಿ ತಿಂಗಳು ಕಳಿಸುತ್ತವೆ. ನಿಮ್ಮ ಆಡಿಟರ್‌ಗೆ ಫೋನ್ ಮಾಡಿ, ನಿಮಗೆ ಯಾವ ಕಾಲಂ ಸಾಕು ಅಂತ ಕೇಳಿ. ಈ ತಿಂಗಳ ಪಟ್ಟಿ ಅವರಿಗೆ ಇನ್ನೂ ಸಿಕ್ಕಿಲ್ಲವಲ್ಲ, ಅಷ್ಟೇ ಕಾಲಂ ಇಟ್ಟು ಹೊಸ ಶೀಟ್ ಮಾಡಿ ಕಳಿಸಿ.